ನೀರಿನ ಸಭೆ: ಫೆಬ್ರವರಿ 22, ಭಾನುವಾರ ಬೆಳಿಗ್ಗೆ 10:30ರಿಂದ 11:45

ದಿನಾಂಕ: 12 ಫೆಬ್ರವರಿ 2026, ಬೆಂಗಳೂರು

ನಮ್ಮ ಅಪಾರ್ಟ್‌ಮೆಂಟಿನ 48 ಮನೆಗಳ ಮಾಲೀಕರಿಗೂ ಬಾಡಿಗೆಗಿರುವವರಿಗೂ ನಮಸ್ಕಾರ.

ಈ ಸಭೆ ಒಂದೇ ಒಂದು ತೀರ್ಮಾನಕ್ಕೆ. ಮಳೆಗಾಲಕ್ಕೆ ಮುಂಚೆ ನಮ್ಮ ಹತ್ತಿರ ಇರುವ ಹಣದಲ್ಲಿ ಮನೆಮನೆಗೆ ನೀರಿನ ಮೀಟರ್ ಹಾಕಿಸೋಣವೇ, ತಾರಸಿಯ ಮಳೆನೀರನ್ನು ಸಂಪಿಗೆ ತರೋಣವೇ, ಅಥವಾ ಇನ್ನಷ್ಟು ಹಣ ಹಾಕಿ ಎರಡನ್ನೂ ಮಾಡೋಣವೇ? ಈ ಮೂರರಲ್ಲಿ ಒಂದನ್ನು ಆರಿಸಿಕೊಂಡೇ ಎದ್ದೇಳಬೇಕು.

ಸಭೆ 75 ನಿಮಿಷ. ಜಾಗ ನೆಲಮಹಡಿಯ ಪಾರ್ಕಿಂಗ್, ಸಂಪಿನ ಪಕ್ಕ. ಮೊದಲು 15ರ ಭಾನುವಾರ ಎಂದುಕೊಂಡಿದ್ದೆವು. ಅವತ್ತು ಶಿವರಾತ್ರಿ, ತುಂಬ ಮನೆಗಳಲ್ಲಿ ಉಪವಾಸ, ಜಾಗರಣೆ ಇರುತ್ತದೆ. ಅದಕ್ಕೇ ಒಂದು ವಾರ ಮುಂದಕ್ಕೆ ಹಾಕಿದ್ದೇವೆ.

ಈಗಲೇ ಯಾಕೆ ಅಂತ ಹೇಳುತ್ತೇನೆ. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಮಾರ್ಚ್‌ನಲ್ಲಿ ನಮ್ಮ ಬೋರ್‌ವೆಲ್ ಬತ್ತಿಹೋಗಿ, ಆ ಒಂದೇ ತಿಂಗಳು 41 ಟ್ಯಾಂಕರ್ ತರಿಸಿದೆವು. ಬೆಳಿಗ್ಗೆ ಐದಕ್ಕೆ ಗೇಟಿನ ಹತ್ತಿರ ನಿಂತು ಟ್ಯಾಂಕರ್ ದಾರಿ ಕಾದವರು ನಮ್ಮಲ್ಲೇ ಎಷ್ಟು ಜನ ಇದ್ದೀರಿ! ಈ ವರ್ಷ ಜನವರಿಯಲ್ಲೇ 9 ಟ್ಯಾಂಕರ್ ಬಂದಿವೆ. ಒಂದಕ್ಕೆ 1,400 ರೂಪಾಯಿಯಂತೆ 12,600 ರೂಪಾಯಿ ಕೊಟ್ಟಿದ್ದೇವೆ. ಇನ್ನೂ ಬೇಸಿಗೆ ಶುರುವಾಗಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮಗೆ ಸಿಗಬೇಕಾದರೆ ಪೈಪಿನ ಕೆಲಸ ಮಾರ್ಚ್‌ನಲ್ಲೇ ಹಿಡಿಯಬೇಕು.

ಲೆಕ್ಕ ಹೀಗಿದೆ. ಸಂಘದ ನಿಧಿಯಲ್ಲಿ 4,60,000 ರೂಪಾಯಿ ಇದೆ. ಮೀಟರಿಗೆ ಬಂದಿರುವ ಕೊಟೇಶನ್ 4,17,600. ಇಷ್ಟು ಯಾಕೆ ಅಂದರೆ, ನಮ್ಮ ಒಂದೊಂದು ಮನೆಗೂ ನೀರು ಮೂರು ಕಡೆಯಿಂದ ಇಳಿಯುತ್ತದೆ: ಎರಡು ಬಚ್ಚಲು, ಒಂದು ಅಡುಗೆಮನೆ. ಒಂದು ಮನೆಗೆ ಒಂದು ಮೀಟರ್ ಸಾಕಾಗುವುದಿಲ್ಲ. 48 ಮನೆಗೆ 144 ಮೀಟರ್ ಬೇಕು, ಅಳವಡಿಕೆ ಸೇರಿ ಒಂದಕ್ಕೆ 2,900 ರೂಪಾಯಿ.

ಮಳೆನೀರಿನ ಕೆಲಸಕ್ಕೆ 1,85,000. ಈಗ ತಾರಸಿ ನೀರು ಇಂಗುಗುಂಡಿಗೆ ಹೋಗುತ್ತದೆ. ಗುಂಡಿಯಲ್ಲಿ ಹೂಳು ತುಂಬಿ, ಜೋರು ಮಳೆ ಬಂದರೆ ನೀರು ಉಕ್ಕಿ ರಸ್ತೆಗೆ ಹರಿಯುತ್ತದೆ. ಅದನ್ನು ಸೋಸಿ ಸಂಪಿಗೆ ತರುವುದು, ಸಂಪು ತುಂಬಿದ ಮೇಲೆ ಮಿಕ್ಕಿದ್ದನ್ನು ಹೂಳೆತ್ತಿದ ಇಂಗುಗುಂಡಿಗೆ ಬಿಡುವುದು, ಇದಿಷ್ಟು ಕೆಲಸ. ನಮ್ಮ ತಾರಸಿ ಸುಮಾರು 700 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30 ಮಿಲಿಮೀಟರ್ ಮಳೆ ಬಂದರೆ 21,000 ಲೀಟರ್. ಅದರಲ್ಲಿ ಒಂದು ಪಾಲು ತಾರಸಿ ತೊಳೆಯುವುದಕ್ಕೇ ಹೋಗುತ್ತದೆ ಅಂದರೂ ಒಂದು ಟ್ಯಾಂಕರಿಗಿಂತ ಜಾಸ್ತಿ ಉಳಿಯುತ್ತದೆ. ಆದರೆ ಮಳೆ ಬಾರದ ತಿಂಗಳಲ್ಲಿ ಇದರಿಂದ ಹನಿಯೂ ಸಿಗದು. ಮೀಟರ್ ಹಾಗಲ್ಲ, ವರ್ಷವಿಡೀ ಕೆಲಸ ಮಾಡುತ್ತದೆ. ಆದರೆ ಅದು ಹೊಸ ನೀರು ತರುವುದಿಲ್ಲ. ಹಾಗಾಗಿ ಎರಡು ಕಡೆಯ ವಾದದಲ್ಲೂ ಹುರುಳಿದೆ. ನನ್ನ ಒಲವು ಮಳೆನೀರಿನ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವತ್ತು ನನ್ನದೂ ಒಂದೇ ಓಟು.

ಎರಡನ್ನೂ ಮಾಡಿದರೆ 1,42,600 ರೂಪಾಯಿ ಕಡಿಮೆ ಬೀಳುತ್ತದೆ. ಅಂದರೆ ಮನೆಗೆ ಸುಮಾರು 3,000 ರೂಪಾಯಿ. ಅದೂ ಅಲ್ಲದೆ ನಿಧಿ ಪೂರ್ತಿ ಖಾಲಿಯಾಗುತ್ತದೆ. ಲಿಫ್ಟ್ ಕೆಟ್ಟರೆ ಏನು ಗತಿ ಅನ್ನುವ ಪ್ರಶ್ನೆ ಖಜಾಂಚಿಯವರದು. ಯೋಚಿಸಬೇಕಾದ ಮಾತೇ ಅದು.

ಬರುವ ಮುಂಚೆ ದಯವಿಟ್ಟು ಇಷ್ಟು ಮಾಡಿ

ಎರಡೂ ಕೊಟೇಶನ್ ಒಟ್ಟು ನಾಲ್ಕು ಪುಟ ಇವೆ. ನೋಟಿಸ್ ಬೋರ್ಡಿಗೆ ಹಾಕಿದ್ದೇವೆ, ವಾಟ್ಸ್ಆ್ಯಪ್ ಗುಂಪಿಗೂ ಕಳಿಸಿದ್ದೇವೆ. ಓದಿಕೊಂಡು ಬನ್ನಿ. ಸಭೆಯಲ್ಲಿ ಮೊದಲಿಂದ ಓದಿ ಹೇಳುವಷ್ಟು ಸಮಯ ಇರುವುದಿಲ್ಲ.

ಆಮೇಲೆ ಒಂದು ಚೀಟಿಯಲ್ಲಿ ಮನೆ ನಂಬರ್ ಬರೆದು, ಅದರ ಕೆಳಗೆ ಮೂರು ವಿಷಯ ಬರೆಯಿರಿ. ಮನೆಯಲ್ಲಿ ಎಷ್ಟು ಜನ ಇದ್ದೀರಿ. ನೀರು ಒಳಗೆ ಬರುವ ವಾಲ್ವ್ ಎಷ್ಟಿವೆ (ಬಚ್ಚಲಲ್ಲಿ ಗೀಸರ್ ಆಸುಪಾಸು, ಅಡುಗೆಮನೆಯಲ್ಲಿ ಯುಟಿಲಿಟಿ ಗೋಡೆ ನೋಡಿ). ಕೆಲವರು ಮನೆ ರಿಪೇರಿ ಮಾಡಿಸುವಾಗ ಪೈಪು ಒಟ್ಟುಗೂಡಿಸಿದ್ದಾರೆ, ಇನ್ನು ಕೆಲವರು ಒಂದು ಹೆಚ್ಚಿಗೆ ಎಳೆಸಿದ್ದಾರೆ. ಕೊಟೇಶನ್ ಮನೆಗೆ ಮೂರು ಅಂತಲೇ ಲೆಕ್ಕ ಹಾಕಿದೆ. ನಿಮ್ಮ ಎಣಿಕೆ ಬಂದರೆ ಮೊತ್ತ ಏರಬಹುದು, ಇಳಿಯಲೂಬಹುದು.

ಮೂರನೆಯದು ಸೋರಿಕೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಪಾತ್ರೆ ಇಟ್ಟು ಅಳೆಯಿರಿ. ಹೋದ ವಾರ ನಮ್ಮ ಯುಟಿಲಿಟಿ ನಲ್ಲಿಯ ಕೆಳಗೆ ರಾತ್ರಿ ಒಂಬತ್ತಕ್ಕೆ ಒಂದು ಲೀಟರಿನ ಹಾಲಿನ ಪಾತ್ರೆ ಇಟ್ಟೆ. ಹತ್ತಕ್ಕೆ ನೋಡಿದರೆ ಕಂಠದವರೆಗೆ ತುಂಬಿ, ಅಂಚಿನಲ್ಲಿ ಹನಿ ನಡುಗುತ್ತಿತ್ತು. ದಿನಕ್ಕೆ 24 ಲೀಟರ್, ವರ್ಷಕ್ಕೆ 8,760 ಲೀಟರ್. ಒಂದು ಟ್ಯಾಂಕರಿನ ಮುಕ್ಕಾಲು ಪಾಲು ಹತ್ತಿರ ಹತ್ತಿರ! ವಾಷರ್ ಬದಲಾಯಿಸಿದ ಮೇಲೆ ನಿಂತಿತು. ಫ್ಲಶ್ ಟ್ಯಾಂಕಿನ ಸೋರಿಕೆ ಕಣ್ಣಿಗೇ ಬೀಳುವುದಿಲ್ಲ. ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಬಣ್ಣ ಕೆಳಗೆ ಕಾಣಿಸಿದರೆ ಸೋರುತ್ತಿದೆ ಅಂತ ಅರ್ಥ, ಚೀಟಿಯಲ್ಲಿ ‘ಹೌದು’ ಎಂದು ಬರೆದರೆ ಸಾಕು. ಯಾರ ಮನೆಯಲ್ಲಿ ಎಷ್ಟು ಸೋರಿಕೆ ಅಂತ ಸಭೆಯಲ್ಲಿ ಓದುವುದಿಲ್ಲ. ಒಟ್ಟು ಮೊತ್ತ ಮಾತ್ರ ಹೇಳುತ್ತೇವೆ.

ಚೀಟಿಯನ್ನು 20ರ ಶುಕ್ರವಾರ ರಾತ್ರಿಯೊಳಗೆ ಸೆಕ್ಯುರಿಟಿ ಟೇಬಲ್ ಮೇಲಿರುವ ಡಬ್ಬಿಗೆ ಹಾಕಿ. ಶನಿವಾರ ಕೂತು ಕೂಡಿಸಬೇಕು.

ಅವತ್ತು ಸಮಯ ಹೀಗೆ

10:30ಕ್ಕೆ ಸರಿಯಾಗಿ ಸಂಪಿನ ಮುಚ್ಚಳ ತೆಗೆದು ನೀರಿನ ಮಟ್ಟ, ಇಂಗುಗುಂಡಿಯ ಹೂಳು ಎಲ್ಲರೂ ಒಮ್ಮೆ ನೋಡುವುದು, ಹತ್ತು ನಿಮಿಷ. ಮಕ್ಕಳನ್ನು ಮಾತ್ರ ಸಂಪಿನಿಂದ ದೂರ ಇಟ್ಟುಕೊಳ್ಳಿ. ಮುಂದಿನ ಹತ್ತು ನಿಮಿಷ ಖಜಾಂಚಿಯವರ ಲೆಕ್ಕ. ಆಮೇಲೆ ಕೊಟೇಶನ್ ಕೊಟ್ಟ ಇಬ್ಬರಿಗೂ ನಿಮ್ಮ ಪ್ರಶ್ನೆ, 15 ನಿಮಿಷ. ಚರ್ಚೆಗೆ 30 ನಿಮಿಷ ಇಟ್ಟಿದ್ದೇವೆ, ಒಬ್ಬರಿಗೆ ಎರಡು ನಿಮಿಷ. ಕೊನೆಯ ಹತ್ತು ನಿಮಿಷದಲ್ಲಿ ಕೈ ಎತ್ತಿ ಓಟು.

ಮನೆಗೆ ಒಂದು ಓಟು. ಬಾಡಿಗೆಗಿರುವವರು ಖಂಡಿತ ಬನ್ನಿ, ಮಾತಾಡಿ, ನೀರು ಬಳಸುವವರು ನೀವೇ ಅಲ್ವಾ? ಓಟು ಹಾಕಬೇಕಾದರೆ ಮಾತ್ರ ಮಾಲೀಕರಿಂದ ಎರಡು ಸಾಲಿನ ಒಪ್ಪಿಗೆ ಮೆಸೇಜ್ ತರಿಸಿಕೊಳ್ಳಿ. ಊರಲ್ಲಿಲ್ಲದ ಮಾಲೀಕರು ಮೂರರಲ್ಲಿ ಯಾವುದಕ್ಕೆ ಅಂತ ಸಂಘದ ಇಮೇಲ್‌ಗೆ ಶನಿವಾರ ಸಂಜೆ ಆರರೊಳಗೆ ಬರೆದರೆ ಅದನ್ನೂ ಎಣಿಸುತ್ತೇವೆ. ಕನಿಷ್ಠ 16 ಮನೆಯವರು ಇಲ್ಲದಿದ್ದರೆ ನಮ್ಮ ನಿಯಮದ ಪ್ರಕಾರ ತೀರ್ಮಾನ ಊರ್ಜಿತವಾಗುವುದಿಲ್ಲ.

ಹೋದ ಸಲ 40 ನಿಮಿಷ ತಡವಾಗಿ ಶುರುವಾಗಿ, ಮಾತು ಪಾರ್ಕಿಂಗ್ ಕಡೆ ಹೊರಳಿ, ಎರಡೂವರೆ ಗಂಟೆ ಕೂತರೂ ಏನೂ ತೀರ್ಮಾನವಾಗಲಿಲ್ಲ. ಅಡುಗೆ ಅರ್ಧಕ್ಕೆ ಬಿಟ್ಟು ಬಂದವರು ಸುಮ್ನೆ ಎದ್ದು ಹೋದರು. ಅದು ಮತ್ತೆ ಆಗಬಾರದು. ಹಾಗಾಗಿ ಪಾರ್ಕಿಂಗ್, ಮೇಂಟೆನೆನ್ಸ್, ನಾಯಿಗಳ ವಿಷಯ ಈ ಸಭೆಯಲ್ಲಿ ಎತ್ತುವುದಿಲ್ಲ. ಅವುಗಳಿಗೆ ಮಾರ್ಚ್ 15ರ ಭಾನುವಾರ ಬೇರೆ ಸಭೆ ಇದೆ, ಈಗಲೇ ಬರೆದು ಕೊಟ್ಟರೆ ಅದರ ಪಟ್ಟಿಗೆ ಸೇರಿಸುತ್ತೇನೆ.

ಹಿರಿಯರಿಗೆ ಕುರ್ಚಿ ಹಾಕಿಸಿರುತ್ತೇವೆ. 11:45ಕ್ಕೆ ಕಾಫಿ, ಟೀ ಇದೆ. ಚೀಟಿ ಬರೆಯುವುದಕ್ಕೆ, ವಾಲ್ವ್ ಹುಡುಕುವುದಕ್ಕೆ ಸಹಾಯ ಬೇಕಾದರೆ ಇಂಟರ್‌ಕಾಮ್‌ನಲ್ಲಿ ಸೆಕ್ಯುರಿಟಿಗೆ ಹೇಳಿ. 18, 19ರ ಸಂಜೆ ಆರರಿಂದ ಎಂಟರವರೆಗೆ ನಾನೇ ಮನೆಗೆ ಬರುತ್ತೇನೆ.

ಇಂತಿ,
ಕಾರ್ಯದರ್ಶಿ
ನಿವಾಸಿಗಳ ಸಂಘ