ಮಾರ್ಚ್ 31ಕ್ಕೆ ನಾನು ಪ್ರೆಸ್ ಬಿಡುತ್ತಿದ್ದೇನೆ: ಗಿರಾಕಿಗಳಿಗೆ, ಕಾಗದ-ಶಾಯಿ ಕೊಟ್ಟವರಿಗೆ ಒಂದು ಪತ್ರ

ಗದಗ
12 ಜನವರಿ 2026

ಎಲ್ಲ ಹಿರಿಯರಿಗೆ, ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ ಪ್ರೆಸ್ ಬಸಣ್ಣನ ಶರಣು ಶರಣಾರ್ಥಿ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಬರುವ ಮಾರ್ಚ್ 31, ಮಂಗಳವಾರ, ಪ್ರೆಸ್ಸಿನಲ್ಲಿ ಮಾಲಕನಾಗಿ ನನ್ನ ಕೊನೆಯ ದಿನ. ಪ್ರೆಸ್ ಮುಚ್ಚುವುದಿಲ್ಲ. ಏಪ್ರಿಲ್ 1ರಿಂದ ಮಹಾಂತೇಶ ನಡೆಸುತ್ತಾನೆ. ಜಾಗ ಅದೇ, ಮಷೀನು ಅವೇ, ಬೋರ್ಡಿನ ಮೇಲಿನ ಹೆಸರೂ ಅದೇ. ಆದರೆ ಲೆಕ್ಕ ಬೇರೆ, ಜಿಎಸ್‌ಟಿ ನಂಬರ್ ಬೇರೆ, ಬ್ಯಾಂಕ್ ಖಾತೆ ಬೇರೆ. ಅದಕ್ಕೇ ಈ ಪತ್ರ ಇಷ್ಟು ಉದ್ದ, ದಯವಿಟ್ಟು ಪೂರ್ತಿ ಓದಿ.

ಯಾಕೆ ಬಿಡುತ್ತಿದ್ದೀರಿ ಅಂತ ಫೋನ್ ಮಾಡಿ ಕೇಳುತ್ತೀರಿ, ಗೊತ್ತು. ಎರಡು ವರ್ಷದ ಹಿಂದೆ ಎಡಗಣ್ಣಿನ ಆಪರೇಶನ್ ಆಯಿತು, ಬಲಗಣ್ಣಿನದು ಇನ್ನೂ ಆಗಬೇಕು. ಕಳೆದ ದೀಪಾವಳಿ ಮುಂದೆ ಒಂದು ಮದುವೆ ಪತ್ರಿಕೆಯಲ್ಲಿ ಕುಂಕುಮದ ಬಣ್ಣ ನನ್ನ ಕಣ್ಣಿಗೆ ಸರಿಯಾಗಿಯೇ ಕಂಡಿತು. 400 ಪತ್ರಿಕೆ ಹೊಡೆದಾದ ಮೇಲೆ ಮಹಾಂತೇಶ ಒಂದು ಹಾಳೆ ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದು, "ಕಾಕಾ, ಇದು ಇಟ್ಟಿಗೆ ಬಣ್ಣ ಆಗೇದ ನೋಡ್ರಿ" ಅಂದ. ಎಲ್ಲವನ್ನೂ ತೆಗೆದಿಟ್ಟು ಹೊಸದಾಗಿ ಹೊಡೆದು ಕೊಟ್ಟೆವು, ಆ ಮನೆಯವರಿಗೆ ಗೊತ್ತೂ ಆಗಲಿಲ್ಲ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಣ್ಣ ಗುರುತಿಸಲು ಆಗದವನು ಪ್ರಿಂಟಿಂಗ್ ಮಾಡಬಾರದು. ಮಂದಿಯ ಮನೆಯ ಮಂಗಲಕಾರ್ಯ ಅದು.

1984ರಲ್ಲಿ ಶುರು ಮಾಡಿದ್ದು. ಮುದ್ರಣ ಕಾಶಿ ಅನ್ನಿಸಿಕೊಂಡ ಊರಿನಲ್ಲಿ ಇನ್ನೊಂದು ಪ್ರೆಸ್ ಯಾಕೆ ಅಂತ ನಮ್ಮ ತಂದೆಯವರೇ ಕೇಳಿದ್ದರು. ಒಂದು ಹಳೇ ಟ್ರೆಡಲ್ ಮಷೀನು, ಕನ್ನಡ ಮೊಳೆಗಳ ಕೇಸುಗಳು, ಮೂರು ಮಂದಿ. ಕನ್ನಡಕ್ಕೆ ಇಂಗ್ಲಿಷಿನ ಹಾಗೆ ಒಂದೆರಡು ಕೇಸಿನಲ್ಲಿ ಕೆಲಸ ಮುಗಿಯುವುದಿಲ್ಲ ಅಲ್ವಾ, ಕಾಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ ಮೊಳೆ. ಯಾವುದೋ ಒಂದು ಒತ್ತಕ್ಷರ ಕಡಿಮೆ ಬಿತ್ತು ಅಂದರೆ ಪಕ್ಕದ ಓಣಿಯ ಪ್ರೆಸ್ಸಿಗೆ ಓಡಿ ಕೈಗಡ ತರುತ್ತಿದ್ದೆವು. ಕೆಲಸದಲ್ಲಿ ನಾವು ಪೈಪೋಟಿಯವರೇ, ಆದರೆ ಮೊಳೆ ಇಲ್ಲ ಅಂದವರು ಯಾರೂ ಇರಲಿಲ್ಲ. ಆ ಪ್ರೆಸ್ಸಿನವರಿಗೂ ಈ ಪತ್ರ ಕಳಿಸುತ್ತಿದ್ದೇನೆ.

ನಿಮ್ಮಲ್ಲಿ ಬಹಳ ಮಂದಿಯ ಇತಿಹಾಸ ನನ್ನ ಕಪಾಟಿನಲ್ಲಿದೆ. 1997ರಲ್ಲಿ ಗದಗ ಬೇರೆ ಜಿಲ್ಲೆ ಆದಾಗ ಎಲ್ಲರ ಲೆಟರ್‌ಹೆಡ್ಡಿನಲ್ಲಿ "ಜಿ: ಧಾರವಾಡ" ತೆಗೆದು "ಜಿ: ಗದಗ" ಅಂತ ಮಾಡಿಕೊಟ್ಟೆವು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಪಿಎಂಸಿಯ ದಲಾಲಿ ಅಂಗಡಿಯವರು, ಕಿರಾಣಿಯವರು, ಹಾರ್ಡ್‌ವೇರಿನವರು ಎಲ್ಲ ಒಂದೇ ವಾರದಲ್ಲಿ ಹೊಸ ಬಿಲ್ ಬುಕ್ ಬೇಕು ಅಂತ ಬಂದು ನಿಂತಿರಿ. ಬೈಂಡಿಂಗಿನ ಅಕ್ಕಂದಿರು ರಾತ್ರಿ ಹತ್ತರ ತನಕ ಕೂತು ನಂಬರ್ ಪರೀಕ್ಷೆ ಮಾಡಿದರು. ಒಂದು ನಂಬರ್ ತಪ್ಪಿದರೆ ನಿಮ್ಮ ಲೆಕ್ಕ ತಪ್ಪುತ್ತದೆ ಅಂತ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಮತ್ತೆ 2020. ಆ ವರ್ಷದ ಮದುವೆ ಸೀಸನ್ ಪೂರ್ತಿ ಹೋಯಿತು. ಪತ್ರಿಕೆಗೆ ಅಡ್ವಾನ್ಸ್ ಕೊಟ್ಟ ಹನ್ನೊಂದು ಮನೆಯವರಲ್ಲಿ ಒಂಬತ್ತು ಮನೆಯವರು ರೊಕ್ಕ ವಾಪಸ್ ಕೇಳಲಿಲ್ಲ, "ಇರಲಿ ಬಸಣ್ಣ, ಮುಂದಿನ ಕಾರ್ಯಕ್ಕೆ ಹಿಡಿದುಕೊ" ಅಂದರು. ಹುಬ್ಬಳ್ಳಿಯ ಕಾಗದದ ಅಂಗಡಿಯವರು ಆರು ತಿಂಗಳು ಬಾಕಿಗಾಗಿ ಒಂದು ಫೋನ್ ಕೂಡ ಮಾಡಲಿಲ್ಲ. ನಾನೇ ನಾಚಿಕೆಯಿಂದ ಫೋನ್ ಮಾಡಿದರೆ, "ಮೊದಲು ನಿಮ್ಮ ಹುಡುಗರ ಪಗಾರ ಕೊಡ್ರಿ" ಅಂದರು. ಕೊಟ್ಟೆ. ಆ ಮಾತಿನ ಋಣ ನನ್ನ ಮೇಲಿದೆ, ಬಿಲ್ಲಿನ ಬಾಕಿ ತೀರಿಸಿದ ಮೇಲೂ ಇದೆ.

ಈಗ ಮಹಾಂತೇಶನ ಬಗ್ಗೆ. ನನ್ನ ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ, ಅವನಿಗೆ ಈ ಕೆಲಸ ಬೇಡ, ನನಗೆ ಅದರ ಬೇಜಾರಿಲ್ಲ. ಮಹಾಂತೇಶ 2001ರಲ್ಲಿ ರೋಲರ್ ಒರೆಸಲು ಬಂದ ಹುಡುಗ. ಆಫ್‌ಸೆಟ್ಟಿನಲ್ಲಿ ನೀರು ಎಷ್ಟು, ಶಾಯಿ ಎಷ್ಟು ಅನ್ನುವ ಹದ ನನಗಿಂತ ಅವನಿಗೆ ಚೆನ್ನಾಗಿ ಗೊತ್ತು, ಇದನ್ನು ಅವನೆದುರಿಗೆ ಹೇಳಿದ್ದು ಕಡಿಮೆ, ಇಲ್ಲಿ ಬರೆಯುತ್ತಿದ್ದೇನೆ. ಪ್ರೆಸ್ಸನ್ನು ನಾನು ಅವನಿಗೆ ದಾನ ಕೊಟ್ಟಿಲ್ಲ. ಪಂಚರ ಎದುರಿಗೆ ಬೆಲೆ ಕಟ್ಟಿ, ಕಂತಿನಲ್ಲಿ ಕೊಡುವ ಹಾಗೆ ಕಾಗದ ಮಾಡಿಕೊಂಡಿದ್ದೇವೆ. ಹೊರಗಿನ ಒಬ್ಬರು ಜಾಸ್ತಿ ರೊಕ್ಕ ಕೊಡುತ್ತೇನೆ ಅಂದಿದ್ದರು, ಮಷೀನು ಮಾತ್ರ ಬೇಕು, ಮಂದಿ ಬೇಡ ಅಂದರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಬೈಂಡಿಂಗಿನ ಇಬ್ಬರು ಅಕ್ಕಂದಿರು, ಡಿಟಿಪಿಯ ಹುಡುಗಿ, ಎಲ್ಲರೂ ಹಾಗೇ ಮುಂದುವರಿಯುತ್ತಾರೆ. ಇವತ್ತಿನ ತನಕದ ಅವರ ಹಕ್ಕಿನ ರೊಕ್ಕ ನಾನು ಮಾರ್ಚ್‌ನಲ್ಲೇ ಕೊಟ್ಟು ಮುಗಿಸುತ್ತೇನೆ.

ನನಗೆ ಮುಖ್ಯವಾಗಿ ಬೇಕಾಗಿರುವುದು ಒಂದೇ. ಆ ಹುಡುಗ ಏಪ್ರಿಲ್ 1ಕ್ಕೆ ಖಾಲಿ ಪುಟದಿಂದ ಶುರು ಮಾಡಬೇಕು. ನನ್ನ ಹಳೇ ಉದ್ರಿ, ನನ್ನ ಹಳೇ ಬಾಕಿ ಅವನ ತಲೆ ಮೇಲೆ ಬರಬಾರದು. ಅದಕ್ಕೆ ನಿಮ್ಮ ಸಹಕಾರ ಬೇಕು.

ಗಿರಾಕಿಗಳು ಕೇಳಿ. ಫೆಬ್ರವರಿ 28ರ ತನಕ ಕೊಟ್ಟ ಕೆಲಸ ನಾನೇ ಮುಗಿಸಿ ನನ್ನ ಬಿಲ್ಲಿನಲ್ಲಿ ಕೊಡುತ್ತೇನೆ. ಮಾರ್ಚ್‌ನಲ್ಲಿ ಸಣ್ಣ ಕೆಲಸ ಮಾತ್ರ ಹಿಡಿಯುತ್ತೇವೆ. ಏಪ್ರಿಲ್-ಮೇ ಮದುವೆಗಳ ಪತ್ರಿಕೆ ಇದ್ದರೆ ಈಗಲೇ ಮ್ಯಾಟರ್ ಕೊಡಿ, ಕೊನೆಯ ವಾರಕ್ಕೆ ಇಡಬೇಡಿ. ಅಡ್ವಾನ್ಸ್ ಕೊಟ್ಟವರ ಕೆಲಸ ಯಾವ ಕಾರಣಕ್ಕಾದರೂ ಮಾರ್ಚ್ ದಾಟಿದರೆ, ಆ ಅಡ್ವಾನ್ಸನ್ನು ನಿಮಗೆ ವಾಪಸ್ ಕೊಟ್ಟು ಮಹಾಂತೇಶನ ಹತ್ತಿರ ಹೊಸ ರಶೀದಿ ಮಾಡಿಸುತ್ತೇನೆ. ನಡುವೆ ರೊಕ್ಕ ತೇಲಾಡಬಾರದು.

ಬಾಕಿ ಇರುವವರಿಗೆ ಈ ಪತ್ರದ ಜೊತೆ ಲೆಕ್ಕದ ಚೀಟಿ ಇಟ್ಟಿದ್ದೇನೆ. ಮಾರ್ಚ್ 20ರ ಒಳಗೆ ಮುಟ್ಟಿಸಿ. ಒಮ್ಮೆಗೇ ಆಗುವುದಿಲ್ಲ ಅಂದರೆ ಬಂದು ಮಾತಾಡಿ, ನಾನು ಯಾರ ಮನೆ ಮುಂದೆಯೂ ಬಂದು ಕೂರುವವನಲ್ಲ, ನಿಮಗೆ ಗೊತ್ತು. ಚೀಟಿಯಲ್ಲಿ ತಪ್ಪು ಇದ್ದರೆ ಸಂಕೋಚ ಇಲ್ಲದೆ ಹೇಳಿ. ಹಳ್ಳಿಯ ಕೆಲವು ಶಾಲೆಗಳ ಪ್ರಶ್ನೆಪತ್ರಿಕೆ, ಪ್ರಗತಿಪತ್ರದ ಹಳೇ ಬಾಕಿ ಇದೆ. ಅದರಲ್ಲಿ ಮೂರು ವರ್ಷ ದಾಟಿದ್ದನ್ನು ನಾನು ಹೊಡೆದು ಹಾಕಿದ್ದೇನೆ, ಆ ಮಾಸ್ತರರು ನನ್ನನ್ನು ನೋಡಿ ರಸ್ತೆ ದಾಟುವುದು ಬೇಡ. ಬಂದರೆ ಚಹಾ ಕುಡಿದು ಹೋಗಿ.

ಕೌಂಟರಿನ ಮೇಲಿರುವ ಕ್ಯೂಆರ್ ಕೋಡ್ ಮಾರ್ಚ್ 31ರ ಸಂಜೆ ತೆಗೆಯುತ್ತೇನೆ. ಫೋನಿನಲ್ಲಿ ನನ್ನ ನಂಬರ್ ಉಳಿಸಿಕೊಂಡು ರೊಕ್ಕ ಹಾಕುವ ರೂಢಿ ಬಹಳ ಮಂದಿಗೆ ಇದೆ. ಏಪ್ರಿಲ್ 1ರಿಂದ ಮುಂದಿನ ಕೆಲಸಕ್ಕೆ ಹಾಗೆ ಹಾಕಬೇಡಿ, ಅದು ಮಹಾಂತೇಶನಿಗೆ ಹೋಗುವುದಿಲ್ಲ. ಚೆಕ್ ಬರೆಯುವ ಸೊಸೈಟಿಯವರು, ಸಂಸ್ಥೆಯವರು ಹೊಸ ಖಾತೆಯ ಕಾಗದ ತೆಗೆದುಕೊಂಡೇ ಬರೆಯಿರಿ. ಈ ಪ್ರೆಸ್ಸಿನ ಜಿಎಸ್‌ಟಿ ನನ್ನ ಪ್ಯಾನ್ ಮೇಲೆ ಇದೆ, ಅದನ್ನು ಅವನ ಹೆಸರಿಗೆ ತಿರುಗಿಸಲು ಬರುವುದಿಲ್ಲ, ಅವನು ಬೇರೆ ನೋಂದಣಿ ಮಾಡಿಸುತ್ತಿದ್ದಾನೆ. ನಿಮ್ಮ ಲೆಕ್ಕ ಬರೆಯುವವರಿಗೆ ಇದನ್ನು ಮರೆಯದೆ ತಿಳಿಸಿ.

ಕಾಗದ, ಶಾಯಿ, ಪ್ಲೇಟ್, ರಟ್ಟು ಕೊಡುವವರಿಗೆ: ಫೆಬ್ರವರಿ ಕೊನೆಯ ತನಕದ ನಿಮ್ಮ ಬಿಲ್ಲುಗಳನ್ನು ಮಾರ್ಚ್ 10ಕ್ಕೆ ಕಳಿಸಿ, 25ರ ಒಳಗೆ ನಿಮ್ಮ ರೊಕ್ಕ ನಿಮ್ಮ ಖಾತೆಯಲ್ಲಿ ಇರುತ್ತದೆ. ಮಾರ್ಚ್ ತಿಂಗಳ ಬಿಲ್ಲನ್ನು ಏಪ್ರಿಲ್ 11ರ ಒಳಗೆ ಜಿಎಸ್‌ಟಿಆರ್-1ರಲ್ಲಿ ತಪ್ಪದೆ ಹಾಕಿ, ಆಮೇಲೆ ನನ್ನ ನೋಂದಣಿ ರದ್ದಿಗೆ ಕೊಡುತ್ತೇನೆ, ಕೊನೆಯ ರಿಟರ್ನ್ ಕೊಡುವಾಗ ಲೆಕ್ಕ ಹೊಂದಬೇಕು. ಮಾರ್ಚ್ 15ರ ನಂತರ ನನ್ನ ಹೆಸರಿನಲ್ಲಿ ಹೊಸ ಮಾಲು ಇಳಿಸಬೇಡಿ. ಮಹಾಂತೇಶನಿಗೆ ಉದ್ರಿ ಎಷ್ಟು ದಿನ ಕೊಡುವುದು ಅನ್ನುವುದು ನಿಮ್ಮಿಷ್ಟ, ನಾನು ಒತ್ತಾಯ ಮಾಡುವುದಿಲ್ಲ. ನನಗೆ 1984ರಲ್ಲಿ ಎರಡು ರೀಮ್ ಕಾಗದ ಬರೀ ಮುಖ ನೋಡಿ ಕೊಟ್ಟಿದ್ದಿರಿ. ಅವನ ಮುಖವನ್ನು ನೀವು ಇಪ್ಪತ್ತೈದು ವರ್ಷದಿಂದ ನೋಡುತ್ತಿದ್ದೀರಿ.

ಇನ್ನು ನಿಮ್ಮ ವಸ್ತುಗಳು. ಅಂಗಡಿಗಳ ಹಳೇ ಬ್ಲಾಕುಗಳು, ಮಠಗಳ ಜಾತ್ರೆ ಕರಪತ್ರಕ್ಕೆ ಮಾಡಿಸಿದ ದೇವರ ಚಿತ್ರದ ಬ್ಲಾಕು, ಸ್ಮರಣ ಸಂಚಿಕೆಗೆ ಅಂತ ಕೊಟ್ಟು ವಾಪಸ್ ಒಯ್ಯದ ಫೋಟೋಗಳು, ಎಲ್ಲವನ್ನೂ ಹೆಸರು ಬರೆದು ಲಕೋಟೆಯಲ್ಲಿ ಹಾಕುತ್ತಿದ್ದೇವೆ. ಕೆಲವು ಫೋಟೋದಲ್ಲಿರುವವರು ಈಗ ಇಲ್ಲ, ಅವರ ಮನೆಯವರ ಹತ್ತಿರ ಬಹುಶಃ ಇನ್ನೊಂದು ಪ್ರತಿಯೂ ಇಲ್ಲ. ಅದಕ್ಕೇ ಇದನ್ನು ಕಸಕ್ಕೆ ಹಾಕಲು ನನಗೆ ಮನಸ್ಸಿಲ್ಲ. ಬನ್ನಿ, ತೆಗೆದುಕೊಂಡು ಹೋಗಿ. ಕಂಪ್ಯೂಟರಿನಲ್ಲಿರುವ ಹಳೇ ಡಿಸೈನುಗಳು ಪೇಜ್‌ಮೇಕರ್‌ನಲ್ಲಿ, ಹಳೇ ನುಡಿ ಫಾಂಟಿನಲ್ಲಿ ಇವೆ. ಹಾಗೇ ಕಾಪಿ ಮಾಡಿಕೊಟ್ಟರೆ ನಿಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಚೆಲ್ಲಾಪಿಲ್ಲಿ ಆಗುತ್ತವೆ. ಡಿಟಿಪಿ ಹುಡುಗಿ ಒಂದೊಂದಾಗಿ ಪಿಡಿಎಫ್ ಮಾಡುತ್ತಿದ್ದಾಳೆ, ಪೆನ್ ಡ್ರೈವ್ ತನ್ನಿ, ರೊಕ್ಕ ಕೊಡುವುದು ಬೇಡ. ಮೂಲ ಫೈಲುಗಳು ಪ್ರೆಸ್ಸಿನಲ್ಲೂ ಇರುತ್ತವೆ, ನಿಮ್ಮ ಡಿಸೈನನ್ನು ನಿಮ್ಮನ್ನು ಕೇಳದೆ ಬೇರೆಯವರಿಗೆ ಕೊಡುವುದಿಲ್ಲ ಅಂತ ಮಹಾಂತೇಶ ನನಗೆ ಮಾತು ಕೊಟ್ಟಿದ್ದಾನೆ.

ಸೀಸದ ಮೊಳೆಗಳನ್ನು ಏನು ಮಾಡುತ್ತೀರಿ ಅಂತ ಇಬ್ಬರು ಮೂವರು ಕೇಳಿದ್ದಾರೆ. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳಿಕೊಂಡು ಬಂದಿದ್ದರು. ಕೊಡಲಿಲ್ಲ. ಟ್ರೆಡಲ್ ಮಷೀನು ಬಿಲ್ ಬುಕ್ಕಿನ ನಂಬರಿಂಗಿಗೆ, ತೂತಿನ ಗೆರೆ ಹಾಕಲು ಇನ್ನೂ ಓಡುತ್ತದೆ, ಅದರ ಪಕ್ಕದಲ್ಲೇ ಆರು ಕೇಸು ಇರಲಿ ಅಂದಿದ್ದೇನೆ. ಶಾಲೆಯ ಮಕ್ಕಳು ಬಂದರೆ ತಮ್ಮ ಹೆಸರನ್ನು ತಾವೇ ಉಲ್ಟಾ ಜೋಡಿಸಿ, ಒತ್ತಿ, ಸುಲ್ಟಾ ಓದಿ ನೋಡಬಹುದು. ಅದನ್ನು ತೋರಿಸಲು ಮಾತ್ರ ನಾನು ಬರುತ್ತೇನೆ ಅಂತ ಹೇಳಿಟ್ಟಿದ್ದೇನೆ.

ಮಾರ್ಚ್ 29, ಭಾನುವಾರ, ಬೆಳಿಗ್ಗೆ 10ರಿಂದ ಸಂಜೆ 6ರ ತನಕ ಪ್ರೆಸ್ಸಿನಲ್ಲೇ ಇರುತ್ತೇನೆ. ಮಷೀನು ಓಡಿಸುವುದಿಲ್ಲ, ಸುಮ್ನೆ ಕೂತು ಮಾತಾಡಲಿಕ್ಕೆ. ಉಪ್ಪಿಟ್ಟು, ಶಿರಾ, ಚಹಾ ಇರುತ್ತದೆ. ಲೆಕ್ಕದ ಮಾತು ಅವತ್ತು ಬೇಡ, ಅದಕ್ಕೆ ಬೇರೆ ದಿನ ಬನ್ನಿ. ನಿಮ್ಮ ಲಕೋಟೆ ಮಾತ್ರ ಅವತ್ತೇ ಒಯ್ಯಬಹುದು, ಬಾಗಿಲ ಎಡಕ್ಕಿರುವ ಕಪಾಟಿನಲ್ಲಿ ಅಕ್ಷರಮಾಲೆಯ ಪ್ರಕಾರ ಇಟ್ಟಿದ್ದೇವೆ.

ನಿಮ್ಮ
ಬಸಣ್ಣ