ಅಂಗಡಿಗೆ ಬಂದ ಚೆಕ್ ಬೌನ್ಸ್ ನೋಟಿಸ್ ಬಗ್ಗೆ

ಅಣ್ಣಾ, ನೀವು ಕೊಟ್ಟ ನೋಟಿಸನ್ನು ರಾತ್ರಿ ಕೂತು ಎರಡು ಸಲ ಓದಿದೆ. ಮೊದಲು ಒಂದು ಮಾತು, ಇದು ಕೋರ್ಟಿನಿಂದ ಬಂದದ್ದಲ್ಲ. ಯಶವಂತಪುರದ ಎಣ್ಣೆ ಮಂಡಿಯವರು ತಮ್ಮ ವಕೀಲರಿಂದ ಕಳಿಸಿದ್ದಾರೆ. ಕೇಸ್ ಇನ್ನೂ ಹಾಕಿಲ್ಲ. ಹಾಗಂತ ಗಲ್ಲಾ ಪೆಟ್ಟಿಗೆಯಲ್ಲಿ ಇಟ್ಟು ಮರೆಯಬೇಡಿ.

ನೀವು ಕೊಟ್ಟ 1,20,000 ರೂಪಾಯಿ ಚೆಕ್ಕು ಖಾತೆಯಲ್ಲಿ ಹಣವಿಲ್ಲ ಅಂತ ಅಕ್ಟೋಬರ್ 24ಕ್ಕೆ ವಾಪಸಾಗಿದೆ. ಅದಕ್ಕೆ ಅವರು ಚೆಕ್ಕಿನ ಪೂರ್ತಿ ಹಣ, ಶೇ. 18 ಬಡ್ಡಿ, ನೋಟಿಸ್ ಖರ್ಚು 5,500 ಕೇಳಿದ್ದಾರೆ. ಕಾನೂನು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, ಸೆಕ್ಷನ್ 138. ಈ ಸೆಕ್ಷನ್ ಪ್ರಕಾರ ಗಡುವಿನೊಳಗೆ ಕೊಡಬೇಕಾದದ್ದು ಚೆಕ್ಕಿನ ಹಣ. ಬಡ್ಡಿ, ಖರ್ಚಿನ ಜಗಳ ಬೇರೆ.

ಗಡುವು ನೋಟಿಸ್ ಕೈಗೆ ಬಂದ ದಿನದಿಂದ 15 ದಿನ. ನೀವು ನವೆಂಬರ್ 6ಕ್ಕೆ ಸಹಿ ಹಾಕಿ ತಗೊಂಡಿದ್ದೀರಿ, ಹಾಗಾಗಿ 21ನೇ ತಾರೀಖು ಕೊನೆ. ಅಲ್ಲಿಗೂ ಹಣ ಹೋಗದಿದ್ದರೆ ಮುಂದಿನ ಒಂದು ತಿಂಗಳೊಳಗೆ ಅವರು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಎರಡೂ ಆಗಬಹುದು. ಹೆದರಿಸಲು ಹೇಳುತ್ತಿಲ್ಲ, ನಡುವೆ ಯಾವಾಗ ಬೇಕಾದರೂ ರಾಜಿಯಾಗಲು ಕಾನೂನಿನಲ್ಲೇ ದಾರಿಯಿದೆ.

ಈಗ ನನಗೆ ಮುಖ್ಯ ಅನಿಸಿದ್ದು ನೀವು ಸುಮ್ನೆ ಮಾತಿನ ನಡುವೆ ಹೇಳಿದ ವಿಷಯ. ಚೆಕ್ ಕೊಟ್ಟ ಮೇಲೆ, ಅವರು ಅದನ್ನು ಬ್ಯಾಂಕಿಗೆ ಹಾಕುವ ಮುಂಚೆ, ಅಕ್ಟೋಬರ್ 5ಕ್ಕೆ ಫೋನ್‌ಪೇಯಲ್ಲಿ 40,000 ಕಳಿಸಿದ್ದೀರಿ ಅಲ್ವಾ? ನೋಟಿಸಿನಲ್ಲಿ ಅದರ ಸುದ್ದಿಯೇ ಇಲ್ಲ. ಸ್ವಲ್ಪ ಹಣ ಬಂದಿದ್ದರೂ ಅದನ್ನು ಚೆಕ್ಕಿನ ಮೇಲೆ ಬರೆಯದೆ ಪೂರ್ತಿ ಮೊತ್ತಕ್ಕೆ ಹಾಕಿದರೆ ಸೆಕ್ಷನ್ 138 ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಅವರು ಆ ಹಣ ಹಳೇ ಬಿಲ್ಲಿನದು ಅಂತ ವಾದಿಸಬಹುದು. ಅದಕ್ಕೇ ಬ್ಯಾಂಕ್ ಸ್ಟೇಟ್‌ಮೆಂಟ್, ಎಣ್ಣೆ ಡಬ್ಬಗಳ ಬಿಲ್ಲು, ಲೆಕ್ಕದ ಪುಸ್ತಕ, ಆ ದಿನದ ವಾಟ್ಸಾಪ್ ಮೆಸೇಜು, ನೋಟಿಸ್ ಬಂದ ಕವರ್ ಕೂಡ ಎಲ್ಲ ಒಟ್ಟಿಗೆ ಇಡಿ. ಏನನ್ನೂ ಡಿಲೀಟ್ ಮಾಡಬೇಡಿ.

ಉಳಿದ 80,000 ಕೊಡಬೇಕಾದದ್ದು ನಿಜ ಅಂತ ನೀವೇ ಒಪ್ಪುತ್ತೀರಿ. ಕೈಲಾದರೆ 21ರೊಳಗೆ ಅದನ್ನು ಬ್ಯಾಂಕ್ ಮೂಲಕವೇ ಕಳಿಸಿ, 40,000ದ ಲೆಕ್ಕ ತೋರಿಸಿ ವಕೀಲರಿಂದ ಉತ್ತರ ಬರೆಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕುವುದು ವಾಸಿ. ಒಟ್ಟಿಗೆ ಹೊಂದದಿದ್ದರೆ ಕಂತು ಕೇಳಿ. ಅವರು ಒಪ್ಪಲೇಬೇಕು ಅಂತಿಲ್ಲ, ಒಪ್ಪಿದರೆ ಸಹಿ ಮಾಡಿದ ಕಾಗದ ತಗೊಳ್ಳಿ. ಫೋನಿನಲ್ಲಿ "ಆಯ್ತು ಬಿಡಿ" ಅಂದದ್ದನ್ನು ನಂಬಿ ಕೂರಬೇಡಿ, ಇನ್ನೊಂದು ಚೆಕ್ಕನ್ನಂತೂ ಕೊಡಲೇಬೇಡಿ.

ವಕೀಲರ ಫೀಸಿಗೆ ಯೋಚನೆಯಾದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಸೋಮವಾರ ಬೆಳಿಗ್ಗೆ ಅಂಗಡಿಯನ್ನು ಅತ್ತಿಗೆಗೆ ಒಪ್ಪಿಸಿ ಬನ್ನಿ, ಕಾಗದಗಳ ಜೊತೆ ನಾನೂ ಬರುತ್ತೇನೆ.