ನಿಧನ: ನೀರಗಂಟಿ ಮುನಿಶಾಮಪ್ಪ

ಕೋಲಾರ ತಾಲ್ಲೂಕು ಮಲ್ಲಸಂದ್ರ ಗ್ರಾಮದ ಹಿರಿಯರು, ಊರಿನ ದೊಡ್ಡಕೆರೆಯ ನೀರಗಂಟಿಯಾಗಿದ್ದ ಶ್ರೀ ಮುನಿಶಾಮಪ್ಪನವರು (81) ದಿನಾಂಕ 12-11-2025ರ ಬುಧವಾರ ಬೆಳಗಿನ ಜಾವ 4.30ಕ್ಕೆ ಸ್ವಗೃಹದಲ್ಲಿ ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಮೂರು ತಿಂಗಳಿಂದ ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದರು.

ತಂದೆ ದಿವಂಗತ ಪಿಳ್ಳಪ್ಪನವರಿಂದ ಬಂದ ನೀರಗಂಟಿಕೆಯನ್ನು 1968ರಲ್ಲಿ ವಹಿಸಿಕೊಂಡರು. ತೂಬು ಎತ್ತಿದ ದಿನ ಮೊದಲ ನೀರು ಕೊನೆಯ ಗದ್ದೆಗೆ, ಆಮೇಲೆ ತೂಬಿನ ಪಕ್ಕದವರಿಗೆ. ಈ ಕಟ್ಟಳೆಯನ್ನು ಯಾರ ಮುಲಾಜಿಗೂ ಸಡಿಲಿಸಲಿಲ್ಲ. ಕೆರೆ ಅರ್ಧವಷ್ಟೇ ತುಂಬಿದ ವರ್ಷ ‘ಭತ್ತ ಬೇಡ, ರಾಗಿ ಇಡಿ’ ಎಂದು ಒಟ್ಲು ಹಾಕುವ ಮೊದಲೇ ಮನೆಮನೆಗೆ ಹೇಳಿ ಬರುತ್ತಿದ್ದರು. ಮಳೆಗಾಲದಲ್ಲಿ ಏರಿಯ ಉದ್ದಕ್ಕೂ ನಡೆದು ಏಡಿ, ಇಲಿಗಳ ಬಿಲ ಹುಡುಕಿ ಜೇಡಿಮಣ್ಣು ತುಂಬಿ ಗಟ್ಟಿಸುವರು. ಬಿಲದಲ್ಲಿ ಜಿನುಗತೊಡಗಿದ ನೀರೇ ಏರಿಯನ್ನು ಒಡೆಯುತ್ತದೆ. ಏರಿ ಮೇಲೆ ಹುಟ್ಟಿದ ಜಾಲಿಯನ್ನು ಬೇರು ಇಳಿಯುವ ಮುನ್ನವೇ ಕೀಳುವರು. ಕಣದಲ್ಲಿ ಸಿಗುವ ಆಯವೇ ಸಂಬಳವಾಗಿದ್ದ ಕಾಲದಲ್ಲೂ ಬೆಳೆ ಕೈಕೊಟ್ಟ ಮನೆಯವರನ್ನು ಆಯ ಕೇಳಿದವರಲ್ಲ. 2018ರಿಂದ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೆ.ಸಿ. ವ್ಯಾಲಿ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ಅದು ಅಂತರ್ಜಲಕ್ಕೆ ಮೀಸಲಾದ್ದರಿಂದ ತೂಬು ಎತ್ತುವ ಕೆಲಸ ನಿಂತಿತಾದರೂ ಏರಿ ಕಾಯುವುದನ್ನು ಬಿಡಲಿಲ್ಲ. 2021ರ ನವೆಂಬರ್ ಮಳೆಗೆ ಕೋಡಿ ಹರಿದಾಗ, 77ರ ವಯಸ್ಸಿನಲ್ಲಿ, ಯುವಕರಿಂದ ಮರಳಿನ ಚೀಲ ಹೊರಿಸಿ ಕೋಡಿಯ ಮಗ್ಗುಲು ಕೊಚ್ಚದಂತೆ ನಿಂತು ಹಾಕಿಸಿದರು.

ಮೃತರಿಗೆ ಪತ್ನಿ ಶ್ರೀಮತಿ ವೆಂಕಟಮ್ಮ. ಮಕ್ಕಳು-ಸೊಸೆಯಂದಿರಾದ ನಾರಾಯಣಸ್ವಾಮಿ-ಲಕ್ಷ್ಮೀದೇವಮ್ಮ, ದಿವಂಗತ ಆಂಜಿನಪ್ಪ ಅವರ ಪತ್ನಿ ಸರೋಜಮ್ಮ, ಶ್ರೀನಿವಾಸ-ಮಂಜುಳಾ. ಮಗಳು ರತ್ನಮ್ಮ, ಅಳಿಯ ಮಾಲೂರಿನ ಕೃಷ್ಣಪ್ಪ. ಏಳು ಮಂದಿ ಮೊಮ್ಮಕ್ಕಳು, ಇಬ್ಬರು ಮರಿಮಕ್ಕಳು. ತಮ್ಮ ಚೌಡಪ್ಪ, ತಂಗಿ ಮುನಿಯಮ್ಮ ಹಾಗೂ ಅಪಾರ ಬಂಧು ಬಳಗವಿದೆ.

ಅಂತ್ಯಕ್ರಿಯೆ ಇಂದು, 13-11-2025ರ ಗುರುವಾರ ಮಧ್ಯಾಹ್ನ 1 ಗಂಟೆಗೆ ಕುಟುಂಬದ ಜಮೀನಿನಲ್ಲಿ. ಬೆಳಿಗ್ಗೆ 8ರಿಂದ 12ರವರೆಗೆ ಮನೆಯ ಮುಂದೆ ಅಂತಿಮ ದರ್ಶನ. ಬೀದಿ ಕಿರಿದಾದ್ದರಿಂದ ವಾಹನಗಳನ್ನು ಸರ್ಕಾರಿ ಶಾಲೆಯ ಮೈದಾನದಲ್ಲಿ ನಿಲ್ಲಿಸಲು ಕೋರುತ್ತೇವೆ.

ಹಾಲು-ತುಪ್ಪ 14ರ ಶುಕ್ರವಾರ ಬೆಳಿಗ್ಗೆ 9ಕ್ಕೆ, ಮನೆಯವರ ಮಟ್ಟಿಗೆ. 11ನೇ ದಿನದ ತಿಥಿ 22-11-2025ರ ಶನಿವಾರ, ಮಧ್ಯಾಹ್ನ 12.30ಕ್ಕೆ ಸ್ವಗೃಹದಲ್ಲಿ ಊಟ. ಎಲ್ಲರಿಗೂ ಖುದ್ದಾಗಿ ತಿಳಿಸಲಾಗಿಲ್ಲ. ಇದನ್ನೇ ಕರೆಯೆಂದು ಭಾವಿಸಿ ಬಂಧುಗಳು, ಅಚ್ಚುಕಟ್ಟಿನ ರೈತರು ಬರಬೇಕೆಂದು ಪ್ರಾರ್ಥನೆ.

ಇಂತಿ, ದುಃಖತಪ್ತರು:
ಶ್ರೀಮತಿ ವೆಂಕಟಮ್ಮ, ಮಕ್ಕಳು ಮತ್ತು ಕುಟುಂಬದವರು, ಮಲ್ಲಸಂದ್ರ